1,200 ಪದಗಳ ಅರ್ಥ ಗೊತ್ತು, ಆದರೂ ಪತ್ರದ ತುಂಬಾ ಕೆಂಪು ಗುರುತು. ನಿಘಂಟಿನಲ್ಲಿ ಇನ್ನೇನು ನೋಡಬೇಕು?

ನರ್ಸ್_ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ನಾನು ಸ್ಟಾಫ್ ನರ್ಸ್. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈಗ ಹೊರದೇಶದ ಕೆಲಸಕ್ಕಾಗಿ ಒಇಟಿಗೆ, ಅಂದರೆ ಆಸ್ಪತ್ರೆ ಕೆಲಸದವರಿಗಾಗಿ ನಡೆಸುವ ಇಂಗ್ಲಿಷ್ ಪರೀಕ್ಷೆಗೆ ತಯಾರಿ ಮಾಡುತ್ತಿದ್ದೇನೆ. ಅದರಲ್ಲಿ 45 ನಿಮಿಷದಲ್ಲಿ ಒಂದು ಪತ್ರ ಬರೆಯಬೇಕು. ರೋಗಿಯನ್ನು ಬೇರೆ ಡಾಕ್ಟರ್ ಹತ್ತಿರ ಕಳಿಸುವಾಗ ಬರೆಯುತ್ತೇವಲ್ಲ, ಅಂಥದ್ದು.

ಎಂಟು ತಿಂಗಳಿಂದ ದಿನಾ ಪದ ಕಲಿಯುತ್ತಿದ್ದೇನೆ. ನೋಟ್‌ಬುಕ್‌ನಲ್ಲಿ ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ. 1,200 ಪದ ದಾಟಿದೆ. ಯಾವುದನ್ನು ಕೇಳಿದರೂ ಅರ್ಥ ಹೇಳುತ್ತೇನೆ. ಆದರೆ ಕಳೆದ ವಾರ ಬರೆದ ಪತ್ರದಲ್ಲಿ ನಾಲ್ಕು ವಾಕ್ಯಕ್ಕೆ ಆರು ಕೆಂಪು ಗುರುತು. ಒಂದೂ ಕಷ್ಟದ ಪದ ಅಲ್ಲ. ತಿದ್ದಿದವರು "ಲರ್ನರ್ಸ್ ಡಿಕ್ಷನರಿ ನೋಡು" ಅಂತ ಬರೆದು ಬಿಟ್ಟಿದ್ದಾರೆ. ಇಂಗ್ಲಿಷ್ ಕಲಿಯುವವರಿಗಾಗಿ ಮಾಡಿದ ಆ ನಿಘಂಟನ್ನು ತೆರೆದು ನೋಡಿದೆ. ಅದರಲ್ಲೂ ಅರ್ಥವೇ ಇದೆ, ಅದೂ ಇಂಗ್ಲಿಷಿನಲ್ಲಿ. ನಾನು ಏನು ನೋಡಬೇಕು ಅನ್ನೋದೇ ತಿಳಿಯಲಿಲ್ಲ.

ನನ್ನ ವಾಕ್ಯಗಳು ಇವು:

"ದಿ ಪೇಷಂಟ್ ವಾಸ್ ಅಡ್ಮಿಟೆಡ್ ಇನ್ ಹಾಸ್ಪಿಟಲ್ ವಿತ್ ಹೆವಿ ಫೀವರ್ ಅಂಡ್ ಬಿಗ್ ಚೆಸ್ಟ್ ಪೇನ್. ಹಿ ಕಂಪ್ಲೇಂಡ್ ಅಬೌಟ್ ಬ್ರೀದಿಂಗ್ ಪ್ರಾಬ್ಲಂ. ಹಿ ಈಸ್ ಸಫರಿಂಗ್ ವಿತ್ ಆಸ್ತಮಾ. ಡಾಕ್ಟರ್ ಗೇವ್ ಮೆನಿ ಅಡ್ವೈಸಸ್."

ಕುಂದಾಪುರದವ

ತಂಗಿ, ನಿನಗೆ ಬೇಕಾದದ್ದು ಒಳ್ಳೆಯ ಇಂಗ್ಲಿಷ್–ಕನ್ನಡ ನಿಘಂಟು. ಇಂಗ್ಲಿಷಿನಲ್ಲಿ ಅರ್ಥ ಕೊಟ್ಟರೆ ನಮ್ಮಂಥವರಿಗೆ ಹೇಗೆ ಗೊತ್ತಾಗಬೇಕು? ದಪ್ಪನೆಯದ್ದು ತಗೊ, ಅದರಲ್ಲಿ ಒಂದು ಪದಕ್ಕೆ ಏಳೆಂಟು ಅರ್ಥ ಇರುತ್ತದೆ. ನನ್ನ ಮಗಳಿಗೂ ಅದನ್ನೇ ಕೊಡಿಸಿದ್ದೇನೆ.

ನರ್ಸ್_ಚಿತ್ರದುರ್ಗ

ಅಣ್ಣ, ಧನ್ಯವಾದ. ಆದರೆ ಫೀವರ್, ಪೇನ್, ಅಡ್ವೈಸ್, ಇವುಗಳ ಅರ್ಥ ನನಗೆ ಗೊತ್ತಿದೆ. ಅರ್ಥ ಗೊತ್ತಿದ್ದೂ ತಪ್ಪಾಗುತ್ತಿದೆ, ಅದೇ ಸಮಸ್ಯೆ.

ಹಳೇಮೇಷ್ಟ್ರು_ಶಿವಮೊಗ್ಗ

ನಿಮ್ಮ ನಾಲ್ಕು ವಾಕ್ಯ ಓದಿದೆ. ಆರು ತಪ್ಪಿನಲ್ಲಿ ಒಂದೂ ಅರ್ಥದ ತಪ್ಪಲ್ಲ. ಹಾಗಾಗಿ ಅರ್ಥದ ಪಟ್ಟಿ ಉದ್ದ ಮಾಡಿದರೆ ಇವು ಹೋಗುವುದಿಲ್ಲ.

ಮೊದಲು "ಹೆವಿ ಫೀವರ್" ನೋಡೋಣ. ಇದು ನಿಮಗೆ ಎಲ್ಲಿಂದ ಬಂತು? ತಲೆಯಲ್ಲಿ "ಜೋರು ಜ್ವರ" ಅಂತ ಇತ್ತು. ಜೋರು ಮಳೆಗೆ ಹೆವಿ ರೈನ್ ಅನ್ನುತ್ತಾರೆ, ಅದು ಗೊತ್ತಿತ್ತು. ಅದೇ ಹೆವಿಯನ್ನು ಜ್ವರಕ್ಕೂ ಹಾಕಿದಿರಿ. ನಮ್ಮ "ಜೋರು" ಬಹಳ ಉದಾರ ಪದ. ಮಳೆ ಜೋರು, ಗಾಳಿ ಜೋರು, ಜ್ವರ ಜೋರು, ನೋವು ಜೋರು, ದನಿ ಜೋರು. ಇಂಗ್ಲಿಷಿನಲ್ಲಿ ಪ್ರತಿಯೊಂದಕ್ಕೂ ಜೊತೆಗಾರ ಬೇರೆ. ಮಳೆಗೆ ಹೆವಿ, ಗಾಳಿಗೆ ಸ್ಟ್ರಾಂಗ್, ಜ್ವರಕ್ಕೆ ಹೈ, ನೋವಿಗೆ ಸಿವಿಯರ್, ದನಿಗೆ ಲೌಡ್. ಇದರಲ್ಲಿ ತರ್ಕ ಹುಡುಕಬೇಡಿ. ನೆಗಡಿಗೆ ಬ್ರಿಟಿಷರು ಹೆವಿ ಕೋಲ್ಡ್ ಅಂತಲೇ ಹೇಳುತ್ತಾರೆ. ನೆಗಡಿಗೆ ನಡೆಯುವ ಹೆವಿ ಜ್ವರಕ್ಕೆ ನಡೆಯುವುದಿಲ್ಲ. ಯಾವ ಪದದ ಜೊತೆ ಯಾವ ಪದ ಕೂರುತ್ತದೆ ಅನ್ನೋದು ಬಳಕೆಯಿಂದ ಬಂದದ್ದು. ಇದನ್ನೇ ಕಾಲೊಕೇಶನ್ ಅನ್ನುತ್ತಾರೆ.

ಈಗ ನಿಘಂಟಿನಲ್ಲಿ ಎಲ್ಲಿ ಹುಡುಕಬೇಕು? "ಹೆವಿ" ಅಂತ ಹುಡುಕಬೇಡಿ. ಅಲ್ಲಿ ಹತ್ತಾರು ಅರ್ಥ ಇರುತ್ತದೆ, ದಾರಿ ತಪ್ಪುತ್ತೀರಿ. ನಿಮಗೆ ಗೊತ್ತಿರುವ ನಾಮಪದದ ಮನೆಗೆ ಹೋಗಿ. ಫೀವರ್ ಅಂತ ಹುಡುಕಿ. ಅರ್ಥದ ಸಾಲನ್ನು ಬಿಟ್ಟು ಉದಾಹರಣೆ ವಾಕ್ಯಗಳಿಗೆ ಇಳಿಯಿರಿ. ಹೈ ಫೀವರ್ ಅಲ್ಲೇ ಸಿಗುತ್ತದೆ. ಆಮೇಲೆ ಪೇನ್ ಅಂತ ಹುಡುಕಿ. ಲಾಂಗ್‌ಮನ್ ಮತ್ತು ಆಕ್ಸ್‌ಫರ್ಡ್ ಲರ್ನರ್ಸ್ ನಿಘಂಟುಗಳ ಜಾಲತಾಣದಲ್ಲಿ ಇಂಥ ಸಾಮಾನ್ಯ ಪದಗಳಿಗೆ ಕಾಲೊಕೇಶನ್‌ಗೆ ಅಂತಲೇ ಬೇರೆ ಪೆಟ್ಟಿಗೆ ಇದೆ. ಪೇನ್ ಮುಂದೆ ಯಾವ ಗುಣಪದ ಬರುತ್ತದೆ, ಅದರ ಜೊತೆ ಯಾವ ಕ್ರಿಯಾಪದ ಬರುತ್ತದೆ, ಎಲ್ಲ ಅಲ್ಲಿ ಸಾಲಾಗಿ ಸಿಗುತ್ತದೆ.

ಅಂದರೆ ಗೊತ್ತಿಲ್ಲದ ಪದ ಹುಡುಕೋದು ನಿಮ್ಮ ಈಗಿನ ಕೆಲಸ ಅಲ್ಲ. ಚೆನ್ನಾಗಿ ಗೊತ್ತು ಅಂದುಕೊಂಡ ಪದವನ್ನೇ ಹುಡುಕಬೇಕು.

ಟೆಕ್ಕಿ_ಮಂಡ್ಯ

ಮೇಷ್ಟ್ರು ಹೇಳಿದ್ದು ಸರಿ. ನಾನು ಇನ್ನೂ ಸುಲಭದ ದಾರಿ ಹೇಳುತ್ತೇನೆ. ಆ ಪೆಟ್ಟಿಗೆಯಲ್ಲಿ ಇರೋದನ್ನೆಲ್ಲಾ ಬಾಯಿಪಾಠ ಮಾಡಿ. ಸಿವಿಯರ್, ಅಕ್ಯೂಟ್, ಇಂಟೆನ್ಸ್, ಎಕ್ಸ್‌ಕ್ರೂಸಿಯೇಟಿಂಗ್, ಎಲ್ಲದರ ಅರ್ಥವೂ "ತುಂಬಾ ಜೋರು" ಅಂತಲೇ. ಒಂದೇ ಪತ್ರದಲ್ಲಿ ಬದಲಾಯಿಸಿ ಬದಲಾಯಿಸಿ ಹಾಕಿದರೆ ಭಾಷೆ ಚೆನ್ನಾಗಿ ಕಾಣುತ್ತದೆ.

ಇನ್ನೊಂದು, ಎಡಗಡೆ ಪದ, ಬಲಗಡೆ ಅರ್ಥ ಬರೆಯೋದನ್ನು ನಿಲ್ಲಿಸಿ. ನಾನು ಕಾರ್ಡ್ ಮಾಡಿಕೊಳ್ಳುತ್ತೇನೆ. ಕಾರ್ಡಿನಲ್ಲಿ ಪೂರ್ತಿ ತುಂಡು ಇರುತ್ತದೆ, ಚಿಕ್ಕ ಪದದ ಜಾಗ ಮಾತ್ರ ಖಾಲಿ. "ಅಡ್ಮಿಟೆಡ್ ____ ಹಾಸ್ಪಿಟಲ್". ಹಿಂದೆ ಉತ್ತರ "ಟು". ತಪ್ಪಾಗೋದು ಯಾವಾಗಲೂ ಆ ಚಿಕ್ಕ ಪದದಲ್ಲೇ ಅಲ್ವಾ?

ಡಬ್ಲಿನ್_ಕನ್ನಡತಿ

ಕಾರ್ಡಿನ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಬದಲಾಯಿಸಿ ಹಾಕೋ ಮಾತನ್ನು ದಯವಿಟ್ಟು ಪಾಲಿಸಬೇಡಿ. ನಾನು ಐರ್ಲೆಂಡಿನಲ್ಲಿ ನರ್ಸ್. ಅಕ್ಯೂಟ್ ಮತ್ತು ಸಿವಿಯರ್ ನಮ್ಮ ಕೆಲಸದಲ್ಲಿ ಒಂದೇ ಅಲ್ಲ. ಅಕ್ಯೂಟ್ ಅಂದರೆ ಇದ್ದಕ್ಕಿದ್ದಂತೆ ಶುರುವಾದದ್ದು. ಅದರ ಎದುರು ಕ್ರಾನಿಕ್, ಅಂದರೆ ಬಹಳ ದಿನದಿಂದ ಇರೋದು. ಸಿವಿಯರ್ ಅನ್ನೋದು ಎಷ್ಟು ಜೋರು ಅಂತ ಹೇಳುತ್ತದೆ. ಹತ್ತು ವರ್ಷದಿಂದ ಇರೋ ಮೊಣಕಾಲು ನೋವು ಸಿವಿಯರ್ ಇರಬಹುದು, ಅಕ್ಯೂಟ್ ಅಲ್ಲ. ನೀವು ಭಾಷೆ ಚೆಂದ ಕಾಣಲಿ ಅಂತ ಅಕ್ಯೂಟ್ ಬರೆದರೆ ಓದುವ ಡಾಕ್ಟರ್ ಬೇರೆಯದೇ ರೋಗ ಯೋಚಿಸುತ್ತಾರೆ.

ಎಕ್ಸ್‌ಕ್ರೂಸಿಯೇಟಿಂಗ್ ತಪ್ಪಲ್ಲ. ಆದರೆ ಅದು ನೋವು ಅನುಭವಿಸುವವರ ಬಾಯಿಂದ ಬರುವ ಮಾತು. ನಾನಂತೂ ಪತ್ರದಲ್ಲಿ ಸಿವಿಯರ್ ಅಂತಲೇ ಬರೆಯುತ್ತೇನೆ. ಪೆಟ್ಟಿಗೆಯಲ್ಲಿ ಪಕ್ಕಪಕ್ಕ ಇದ್ದ ಮಾತ್ರಕ್ಕೆ ಒಂದರ ಬದಲು ಇನ್ನೊಂದು ನಡೆಯುತ್ತದೆ ಅಂತಲ್ಲ. ಯಾವ ಪದ ಆರಿಸಿದರೂ ಅದರ ಮನೆಗೂ ಒಮ್ಮೆ ಹೋಗಿ ಬನ್ನಿ.

ಟೆಕ್ಕಿ_ಮಂಡ್ಯ

ಈಗ ಅಕ್ಯೂಟ್ ತೆಗೆದು ನೋಡಿದೆ. ಹೌದು, ಕಾಯಿಲೆಗೆ ಬೇರೆ ಅರ್ಥ ಅಂತ ಪ್ರತ್ಯೇಕವಾಗಿ ಕೊಟ್ಟಿದ್ದಾರೆ. ಇಷ್ಟು ದಿನ ಗೊತ್ತಿರಲಿಲ್ಲ. ಧನ್ಯವಾದ ಅಕ್ಕ.

ನರ್ಸ್_ಚಿತ್ರದುರ್ಗ

ಹೈ ಫೀವರ್, ಸಿವಿಯರ್ ಚೆಸ್ಟ್ ಪೇನ್, ಎರಡೂ ಸಿಕ್ಕಿತು ಮೇಷ್ಟ್ರೇ. ಟು ಕೂಡ ಸಿಕ್ಕಿತು. ಆದರೆ "ಕಂಪ್ಲೇಂಡ್ ಅಬೌಟ್" ಯಾಕೆ ತಪ್ಪು? ನಿಘಂಟಿನಲ್ಲಿ ಅಬೌಟ್ ಇದೆಯಲ್ಲ. ನಾನೇ ನೋಡಿದೆ.

ಹಳೇಮೇಷ್ಟ್ರು_ಶಿವಮೊಗ್ಗ

ಇದೆ. ಇನ್ನೂ ಸ್ವಲ್ಪ ಕೆಳಗೆ ಹೋಗಿ. "ಕಂಪ್ಲೇನ್ ಆಫ್" ಅಂತ ಬೇರೆಯದೇ ನಮೂದು ಇರುತ್ತದೆ. ಊಟ ಚೆನ್ನಾಗಿಲ್ಲ, ಬಸ್ಸು ತಡವಾಯಿತು ಅಂತ ದೂರಿದರೆ ಅಬೌಟ್. ನೋವಿದೆ, ಮೈ ಸರಿಯಿಲ್ಲ ಅಂತ ಹೇಳಿಕೊಂಡರೆ ಆಫ್. ನಿಮ್ಮ ರೋಗಿ ಉಸಿರಾಟದ ಮೇಲೆ ದೂರು ಕೊಟ್ಟಿಲ್ಲ. ಉಸಿರಾಡಲು ಕಷ್ಟ ಅಂತ ಹೇಳಿಕೊಂಡಿದ್ದಾನೆ. ಹಾಗಾಗಿ "ಹಿ ಕಂಪ್ಲೇಂಡ್ ಆಫ್ ಶಾರ್ಟ್‌ನೆಸ್ ಆಫ್ ಬ್ರೆತ್".

ನಿಮ್ಮ ಐದನೇ ತಪ್ಪು ಇದರ ನೆಂಟ. ಸಫರ್ ಮನೆಗೆ ಹೋಗಿ. ಅಲ್ಲಿ ಎರಡು ಬಗೆ ಇದೆ. ಕಾಯಿಲೆ ಮೈಯಲ್ಲಿ ಇದ್ದುಕೊಂಡೇ ಕಾಡುತ್ತಿದ್ದರೆ "ಸಫರ್ ಫ್ರಂ". ಆಸ್ತಮಾಕ್ಕೆ ಅದೇ. ಒಂದು ಸಲ ಬಂದು ಹೊಡೆಯುವುದಾದರೆ ನಡುವೆ ಚಿಕ್ಕ ಪದವೇ ಬೇಡ. "ಹಿ ಸಫರ್ಡ್ ಎ ಸ್ಟ್ರೋಕ್", "ಹಿ ಸಫರ್ಡ್ ಎ ಹಾರ್ಟ್ ಅಟ್ಯಾಕ್". ಕನ್ನಡದಲ್ಲಿ ನಾವು "ಆಸ್ತಮಾದಿಂದ ಬಳಲುತ್ತಿದ್ದಾನೆ" ಅನ್ನುತ್ತೇವೆ. "ಇಂದ" ನೆನಪಿಟ್ಟುಕೊಂಡರೆ ಫ್ರಂ ತಾನಾಗೇ ಬರುತ್ತದೆ. ಇಲ್ಲಿ ಕನ್ನಡ ನಿಮ್ಮ ಕೈ ಹಿಡಿಯುತ್ತದೆ. ಎಲ್ಲ ಕಡೆ ಹಿಡಿಯುವುದಿಲ್ಲ. "ವಿಷಯದ ಬಗ್ಗೆ ಚರ್ಚಿಸಿದೆವು" ಅನ್ನುವ ಅಭ್ಯಾಸದಿಂದ ನಮ್ಮವರೆಲ್ಲ "ಡಿಸ್ಕಸ್ ಅಬೌಟ್" ಅನ್ನುತ್ತಾರೆ. ಆಕ್ಸ್‌ಫರ್ಡ್ ನಿಘಂಟು ಡಿಸ್ಕಸ್ ಕೆಳಗೆ ಹಾಗೆ ಹೇಳಬಾರದು ಅಂತ ಒಂದು ಸೂಚನೆಯನ್ನೇ ಹಾಕಿದೆ. ಡಿಸ್ಕಶನ್ ಅಂತ ನಾಮಪದ ಆದಾಗ ಮಾತ್ರ ಅಬೌಟ್ ಬರಬಹುದು.

ಕೊನೆಯದು ಅಡ್ವೈಸಸ್. ಅಡ್ವೈಸ್ ಪಕ್ಕದಲ್ಲಿ ಒಂದು ಅಕ್ಷರ ಇರುತ್ತದೆ, ನೋಡಿದಿರಾ?

ನರ್ಸ್_ಚಿತ್ರದುರ್ಗ

ಹೌದು ಮೇಷ್ಟ್ರೇ, [U] ಅಂತ ಇದೆ. ಬೇರೆ ಪದಗಳಿಗೆ [C], [T] ಎಲ್ಲ ಇರುತ್ತದೆ. ಅವು ನಮಗಲ್ಲ ಅಂದುಕೊಂಡು ದಾಟಿ ಹೋಗುತ್ತಿದ್ದೆ.

ಹಳೇಮೇಷ್ಟ್ರು_ಶಿವಮೊಗ್ಗ

ಅವು ಇರೋದೇ ನಿಮಗಾಗಿ. [U] ಇದ್ದರೆ ಎಣಿಸುವಂತಿಲ್ಲ. ಹಿಂದೆ ಎಸ್ ಹಾಕುವಂತಿಲ್ಲ, ಮುಂದೆ ಮೆನಿ ಹಾಕುವಂತಿಲ್ಲ. ಕನ್ನಡದಲ್ಲಿ ಸಲಹೆಗಳು, ಮಾಹಿತಿಗಳು, ಉಪಕರಣಗಳು ಎಲ್ಲವೂ ಸರಿ. ಇಂಗ್ಲಿಷಿನಲ್ಲಿ ಅಡ್ವೈಸ್, ಇನ್ಫರ್ಮೇಶನ್, ಎಕ್ವಿಪ್‌ಮೆಂಟ್ ಮೂರೂ [U]. ಆಸ್ಪತ್ರೆಯ ಗೋಡೆ ಮೇಲೆ "ಎಕ್ವಿಪ್‌ಮೆಂಟ್ಸ್" ಅಂತ ಬರೆದಿರೋದನ್ನು ನೀವು ನೋಡಿರಬಹುದು. ನಿಮ್ಮ ಪತ್ರದಲ್ಲಿ ಆ ನಾಮಪದವೇ ಬೇಡ. "ಹಿ ವಾಸ್ ಅಡ್ವೈಸ್ಡ್ ಟು ರೆಸ್ಟ್" ಅಂತ ಕ್ರಿಯಾಪದ ಹಾಕಿ, ಏನು ಸಲಹೆ ಕೊಟ್ಟರು ಅನ್ನೋದು ಓದುವವರಿಗೆ ನೇರವಾಗಿ ತಿಳಿಯುತ್ತದೆ.

ಒಂದು ಹಳೆಯ ವಿಷಯ ಹೇಳುತ್ತೇನೆ. ಈ ಬಗೆಯ ನಿಘಂಟು ಬೆಳೆದದ್ದು ಇಂಗ್ಲೆಂಡಿನ ಶಾಲೆಗಳಲ್ಲಿ ಅಲ್ಲ. ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಅವರು ಜೊತೆಗಾರರೊಂದಿಗೆ ಮಾಡಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು. ಅದನ್ನೇ 1948ರಲ್ಲಿ ಆಕ್ಸ್‌ಫರ್ಡ್ ಮತ್ತೆ ಹೊರತಂದಿತು. ಇಂಗ್ಲಿಷ್ ತಾಯ್ನುಡಿಯಾಗಿ ಇರುವವರಿಗೆ ಅಡ್ವೈಸ್‌ಗೆ ಎಸ್ ಹಾಕಬೇಡ ಅಂತ ಹೇಳಬೇಕಾಗಿಲ್ಲ. ಹೊರಗಿನಿಂದ ಬಂದು ಕಲಿಯುವವರಿಗೆ ಹೇಳಬೇಕು. ಆ ಪುಸ್ತಕ ಶುರುವಿನಿಂದಲೂ ನಮ್ಮಂಥವರನ್ನು ಮುಂದೆ ಕೂರಿಸಿಕೊಂಡು ಬರೆದದ್ದು.

ಪದದ ಬಳಕೆ ಬಗ್ಗೆ ಕೇಳೋದು ನಮಗೂ ಹೊಸದಲ್ಲ. ಪ್ರಜಾವಾಣಿಯಲ್ಲಿ ಜಿ. ವೆಂಕಟಸುಬ್ಬಯ್ಯನವರು "ಇಗೋ ಕನ್ನಡ"ದಲ್ಲಿ ಓದುಗರ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರಲ್ಲ, ಜನ ಬರೀ ಅರ್ಥ ಕೇಳುತ್ತಿರಲಿಲ್ಲ. ಹೀಗೆ ಹೇಳೋದು ಸರಿಯಾ, ಹಾಗೆ ಹೇಳೋದು ಸರಿಯಾ ಅಂತಲೂ ಕೇಳುತ್ತಿದ್ದರು.

ಬೆಳಗಾವಿ_ಅಮ್ಮ

ನನ್ನದೊಂದು ಬೇರೆ ಪ್ರಶ್ನೆ ಇದೆ. ಮಗ ಆರನೇ ತರಗತಿ. ನಿಘಂಟಿನಲ್ಲಿ ಪದದ ಪಕ್ಕ ಓರೆಗೆರೆ ನಡುವೆ ಉಚ್ಚಾರ ಕೊಟ್ಟಿರುತ್ತಾರಲ್ಲ, ಅದನ್ನು ನೋಡಿ ಹೇಳಿಕೊಡುತ್ತಿದ್ದೆ. ಹೌದು ಅನ್ನೋದಕ್ಕೆ ಹೇಳುವ ಎಸ್ ಅನ್ನೋ ಪದಕ್ಕೆ /jes/ ಅಂತ ಇದೆ. ನಾವು "ಎಸ್" ಅನ್ನುತ್ತೇವೆ, ಇವರು "ಜೆಸ್" ಅನ್ನಬೇಕು ಅಂತಾರಾ? ಅಚ್ಚಿನ ತಪ್ಪಾ? ಮಗ ಶಾಲೆಯಲ್ಲಿ ಯೆಲ್ಲೋಗೆ ಜೆಲ್ಲೋ ಅಂತ ಹೇಳಿ ಅಳುತ್ತಾ ಬಂದ.

ಡಬ್ಲಿನ್_ಕನ್ನಡತಿ

ಅಯ್ಯೋ ಪಾಪ. ಅಚ್ಚಿನ ತಪ್ಪಲ್ಲ ಅಕ್ಕ. ಆ ಓರೆಗೆರೆಗಳ ಒಳಗೆ ಇರೋದು ಇಂಗ್ಲಿಷ್ ಅಕ್ಷರ ಅಲ್ಲ, ಧ್ವನಿಯ ಗುರುತು. ಅಲ್ಲಿ /j/ ಅಂದರೆ ನಮ್ಮ "ಯ". ನಮ್ಮ "ಜ"ಕ್ಕೆ /dʒ/ ಅಂತ ಬರುತ್ತದೆ. ಹಾಗಾಗಿ /jes/ ಅಂದರೆ "ಯೆಸ್".

ಈ ಯಕಾರವೇ ನನಗೆ ಇಲ್ಲಿ ಬಂದ ಮೇಲೆ ಗೊತ್ತಾದದ್ದು. ಕನ್ನಡದಲ್ಲಿ ನಾವು ಪದದ ಶುರುವಿನ "ಎ"ಗೆ ಗೊತ್ತಿಲ್ಲದೇ "ಯ" ಸೇರಿಸುತ್ತೇವೆ. ಎಲ್ಲಿ ಅನ್ನೋದು ಯೆಲ್ಲಿ ಆಗುತ್ತದೆ. ಕನ್ನಡದಲ್ಲಿ ಅದರಿಂದ ಏನೂ ತೊಂದರೆ ಇಲ್ಲ. ಆದರೆ ನಾನು ವಾರ್ಡಿನಲ್ಲಿ "ಯೆಕ್ಸ್‌ರೇ" ಅಂದಾಗ ಎದುರಿನವರು ಒಂದು ಕ್ಷಣ ನಿಂತು ಯೋಚಿಸುತ್ತಿದ್ದರು. ನಿಘಂಟಿನಲ್ಲಿ ನೋಡಿದರೆ ಆ ಪದದ ಮುಂದೆ /j/ ಇಲ್ಲವೇ ಇಲ್ಲ. ಗುರುತು ಓದೋದು ಕಲಿತ ಮೇಲೆ ನನ್ನ ತಪ್ಪು ನನಗೇ ಕಣ್ಣಿಗೆ ಕಂಡಿತು. ಕಿವಿಗೆ ಕೇಳಿಸಿರಲಿಲ್ಲ.

ಟೆಕ್ಕಿ_ಮಂಡ್ಯ

ಉಚ್ಚಾರಕ್ಕೆ ಆ ಗುರುತೆಲ್ಲ ಯಾಕೆ? ಸ್ಪೀಕರ್ ಚಿತ್ರ ಒತ್ತಿದರೆ ಧ್ವನಿ ಬರುತ್ತದೆ, ಕೇಳಿ ಹೇಳಿದರೆ ಆಯಿತು. ಮೇಲೆ ಇರೋ ಚಿಕ್ಕ ಗೆರೆ ಮಾತ್ರ ನೋಡಿಕೊಳ್ಳಿ. ಅದರ ಹಿಂದಿನ ಭಾಗವನ್ನು ಒತ್ತಿ ಹೇಳಬೇಕು.

ಹಳೇಮೇಷ್ಟ್ರು_ಶಿವಮೊಗ್ಗ

ಹಿಂದಿನದಲ್ಲ, ಮುಂದಿನದು. ಕೆಲವು ಹಳೆಯ ನಿಘಂಟುಗಳಲ್ಲಿ ಒತ್ತಿದ ಭಾಗದ ನಂತರ ಗೆರೆ ಹಾಕುತ್ತಿದ್ದರು. ನೀವು ಅದನ್ನು ನೋಡಿ ಕಲಿತಿರಬಹುದು. ಈಗಿನ ಲರ್ನರ್ಸ್ ನಿಘಂಟುಗಳಲ್ಲಿ ಗೆರೆ ಮೊದಲು, ಒತ್ತು ಅದರ ನಂತರ. ಇದು ತಿರುಗುಮುರುಗಾದರೆ ಪ್ರತಿ ಪದವೂ ತಪ್ಪುತ್ತದೆ.

ಧ್ವನಿ ಕೇಳಿದರೆ ಸಾಕು ಅನ್ನೋದನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮ ಲಿಪಿಯಲ್ಲಿ ಬರೆದ ಹಾಗೆ ಓದುತ್ತೇವೆ. ಆ ಅಭ್ಯಾಸ ಇಂಗ್ಲಿಷ್ ಓದುವಾಗಲೂ ಬರುತ್ತದೆ. ಕಣ್ಣಿಗೆ ಕಂಡ ಅಕ್ಷರ ಕಿವಿಗೆ ಬಿದ್ದ ಧ್ವನಿಯನ್ನು ಗೆಲ್ಲುತ್ತದೆ. ಎಕ್ಸಾಮೈನ್ ಅಂತ ಹೇಳುವವರಿಗೆ ಧ್ವನಿ ಹತ್ತು ಸಲ ಕೇಳಿಸಿದ್ದೇನೆ. ಹನ್ನೊಂದನೇ ಸಲವೂ ಎಕ್ಸಾಮೈನ್ ಅಂತಲೇ ಹೇಳಿದರು. /ɪɡˈzæmɪn/ ಅಂತ ಬೋರ್ಡಿನ ಮೇಲೆ ಬರೆದು, ಕೊನೆಯಲ್ಲಿ "ಐ" ಇಲ್ಲ, ನಡುವೆ ಒತ್ತು ಇದೆ ಅಂತ ಬೆರಳಿಟ್ಟು ತೋರಿಸಿದ ಮೇಲೆ ಬದಲಾಯಿತು. ಮೊದಲು ಗುರುತು ನೋಡಿ, ನಾನು ಎಲ್ಲಿ ತಪ್ಪುತ್ತಿದ್ದೇನೆ ಅಂತ ಹುಡುಕಿ, ಆಮೇಲೆ ಧ್ವನಿ ಒತ್ತಿ. ಆಗ ಕಿವಿಗೆ ಏನು ಕೇಳಬೇಕು ಅಂತ ಗೊತ್ತಿರುತ್ತದೆ.

ನರ್ಸ್_ಚಿತ್ರದುರ್ಗ

ನಾನೂ ಎಕ್ಸಾಮೈನ್ ಅಂತಲೇ ಹೇಳುತ್ತಿದ್ದೆ. ಈಗಷ್ಟೇ ಕೂತು ದಿನಾ ಬಾಯಲ್ಲಿ ಬರುವ ಆಸ್ಪತ್ರೆ ಪದಗಳನ್ನು ನೋಡಿದೆ. ಬ್ಯಾಂಡೇಜ್ ಅನ್ನೋದು /ˈbændɪdʒ/, ಅಂದರೆ ಬ್ಯಾಂಡಿಜ್. ಸ್ಟೊಮಕ್ ಅನ್ನೋದು /ˈstʌmək/, ಸ್ಟಮಕ್. ಇಷ್ಟು ವರ್ಷದಲ್ಲಿ ಒಬ್ಬರೂ ಹೇಳಿರಲಿಲ್ಲ.

ಡಬ್ಲಿನ್_ಕನ್ನಡತಿ

ವಾಮಿಟ್ ಕೂಡ ನೋಡಿ. ಶುರುವಿನ ಗುರುತು /v/. ನಮಗೆ ಒಂದೇ "ವ" ಇರೋದರಿಂದ ವಾರ್ಡಿನ /w/ ಮತ್ತು ವಾಮಿಟ್‌ನ /v/ ಎರಡನ್ನೂ ಒಂದೇ ಥರ ಹೇಳುತ್ತೇವೆ. /v/ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. /w/ಗೆ ಹಲ್ಲು ತಾಗದೇ ತುಟಿ ದುಂಡಗಾಗಬೇಕು. ಕನ್ನಡಿ ಮುಂದೆ ನಿಂತು ಮಾಡಿ. ನನಗೆ ಫೋನಿನಲ್ಲಿ ಮಾತಾಡುವಾಗ ಇದೇ ಜಾಸ್ತಿ ತೊಂದರೆ ಕೊಟ್ಟದ್ದು. ಎದುರಿಗೆ ಇದ್ದರೆ ಜನ ಮುಖ ನೋಡಿ ಊಹಿಸುತ್ತಾರೆ, ಫೋನಿನಲ್ಲಿ ಆಗುವುದಿಲ್ಲ.

ಕುಂದಾಪುರದವ

ಈಗ ನನಗೂ ಸ್ವಲ್ಪ ತಿಳಿಯಿತು. ಮಗಳಿಗೆ ಕೊಡಿಸಿದ ನಿಘಂಟು ತೆಗೆದು ನೋಡಿದೆ. ಅಡ್ವೈಸ್‌ಗೆ ಬುದ್ಧಿವಾದ, ಸಲಹೆ, ಸೂಚನೆ ಅಂತ ಇದೆ. ಎಸ್ ಹಾಕಬೇಕಾ ಬೇಡವಾ ಅಂತ ಎಲ್ಲೂ ಇಲ್ಲ. ಹಾಗಾದರೆ ಅದನ್ನು ಬಿಸಾಡೋದಾ?

ಹಳೇಮೇಷ್ಟ್ರು_ಶಿವಮೊಗ್ಗ

ಬೇಡ ಬೇಡ. ಓದುವಾಗ ಪದ ಅಡ್ಡ ಬಂದರೆ ಅದು ಬೇಗ ಕೆಲಸ ಮಾಡಿಕೊಡುತ್ತದೆ. ಬರೆಯುವಾಗ, ಮಾತಾಡುವಾಗ ಅದು ಸಾಲದು. ಮಗಳಿಗೆ ಎರಡೂ ಇರಲಿ. ಲರ್ನರ್ಸ್ ನಿಘಂಟಿನ ಇಂಗ್ಲಿಷಿಗೂ ಹೆದರಬೇಕಿಲ್ಲ. 1978ರಲ್ಲಿ ಲಾಂಗ್‌ಮನ್‌ನವರು ಅರ್ಥ ಬರೆಯಲು ಸುಮಾರು 2,000 ಸುಲಭ ಪದಗಳನ್ನೇ ಬಳಸುವ ನಿಯಮ ಮಾಡಿಕೊಂಡರು. ಹೈಸ್ಕೂಲು ಮಕ್ಕಳಿಗೆ ಅದು ಕೈಗೆ ಎಟುಕುತ್ತದೆ.

ಟೆಕ್ಕಿ_ಮಂಡ್ಯ

ಒಂದು ವಿಷಯದಲ್ಲಿ ನಾನು ಜಗಳ ಆಡಲೇಬೇಕು. ಆಕ್ಸ್‌ಫರ್ಡ್ ನಿಘಂಟಿನಲ್ಲಿ ಎಕ್ಸಾಮ್ ಅಂತ ನೋಡಿದೆ. ಟೇಕ್, ಡು, ಸಿಟ್ ಬಳಸಿ, "ರೈಟ್ ಎನ್ ಎಕ್ಸಾಮ್" ಅನ್ನಬೇಡಿ ಅಂತ ಸೂಚನೆ ಇದೆ. ಇದು ಸರಿನಾ? ನಮ್ಮ ದೇಶದಲ್ಲಿ ಕೋಟಿಗಟ್ಟಲೆ ಜನ ಪರೀಕ್ಷೆ "ಬರೆಯುತ್ತಾರೆ". ಹೇಳಿದವರಿಗೂ ಕೇಳಿದವರಿಗೂ ಅರ್ಥ ಆಗುತ್ತದೆ. ಇಷ್ಟು ಜನರ ಬಳಕೆ ತಪ್ಪು ಅಂತ ಅಲ್ಲೆಲ್ಲೋ ಕೂತವರು ಹೇಳೋದು ಯಾಕೆ?

ಡಬ್ಲಿನ್_ಕನ್ನಡತಿ

ನಾನು ಇಲ್ಲಿ "ರೈಟ್ ಎಕ್ಸಾಮ್" ಅಂದಾಗ ಪ್ರಶ್ನೆಪತ್ರಿಕೆ ತಯಾರು ಮಾಡುತ್ತೀಯಾ ಅಂತ ಒಬ್ಬರು ಕೇಳಿದರು. ಹಾಗಾಗಿ ಚಿತ್ರದುರ್ಗದ ತಂಗಿಗೆ ಆ ಬಳಕೆ ಬಿಟ್ಟುಬಿಡು ಅಂತಲೇ ಹೇಳುತ್ತೇನೆ.

ಹಳೇಮೇಷ್ಟ್ರು_ಶಿವಮೊಗ್ಗ

ನನಗೆ ಇದರಲ್ಲಿ ಎರಡು ಮನಸ್ಸು ಇದೆ. ಕೆಲವು ಭಾರತೀಯ ಬಳಕೆಗಳಿಗೆ ಆ ನಿಘಂಟುಗಳು ಇಂಡಿಯನ್ ಇಂಗ್ಲಿಷ್ ಅಂತ ಗುರುತು ಹಾಕಿ ಗೌರವದಿಂದಲೇ ಸೇರಿಸಿಕೊಂಡಿವೆ. ಪ್ರಿಪೋನ್ ಹಾಗೆ ಸೇರಿದೆ. ಪರೀಕ್ಷೆ ಬರೆಯೋದಕ್ಕೆ ಯಾಕೆ ಅದೇ ಮರ್ಯಾದೆ ಇಲ್ಲ ಅನ್ನೋದು ನ್ಯಾಯವಾದ ಪ್ರಶ್ನೆ. ನನ್ನ ಮಟ್ಟಿಗೆ, ಹಾಸನದಿಂದ ಹುಬ್ಬಳ್ಳಿಗೆ ಪತ್ರ ಬರೆದರೆ ಅದು ತಪ್ಪಲ್ಲ. ಆದರೆ ಇವರ ಪತ್ರ ಓದೋದು ಬೇರೆ ದೇಶದ ಪರೀಕ್ಷಕರು.

ಟೆಕ್ಕಿ_ಮಂಡ್ಯ

ಪರೀಕ್ಷೆಗಾಗಿ ಒಪ್ಪಿದೆ. ವಾದ ಬಿಟ್ಟಿಲ್ಲ.

ನರ್ಸ್_ಚಿತ್ರದುರ್ಗ

ಮೇಷ್ಟ್ರೇ, ಈಗ ನೋಟ್‌ಬುಕ್ ಹೇಗೆ ಬರೆಯಲಿ? ದಿನಕ್ಕೆ ಎಷ್ಟು ಪದ?

ಹಳೇಮೇಷ್ಟ್ರು_ಶಿವಮೊಗ್ಗ

ದಿನಕ್ಕೆ ಒಂದು ಸಾಕು. ಒಂದು ಪದಕ್ಕೆ ಅರ್ಧ ಪುಟ ಬಿಡಿ. ನಿಮ್ಮ ಹಳೆಯ ಪತ್ರದಿಂದಲೇ ಒಂದು ನಾಮಪದ ತೆಗೆಯಿರಿ. ಕಾಫ್ ಅಂತ ಇಟ್ಟುಕೊಳ್ಳಿ, ಕೆಮ್ಮು. ಮೊದಲು ನಿಘಂಟು ಮುಚ್ಚಿಕೊಂಡು, "ಎರಡು ವಾರದಿಂದ ಒಣಕೆಮ್ಮು ಇದೆ" ಅಂತ ನಿಮಗೆ ತೋಚಿದ ಹಾಗೆ ಇಂಗ್ಲಿಷಿನಲ್ಲಿ ಬರೆಯಿರಿ. ಇದನ್ನು ಬಿಡಬೇಡಿ. ಮೊದಲೇ ನಿಘಂಟು ನೋಡಿದರೆ ಎಲ್ಲವೂ ಗೊತ್ತಿದ್ದ ಹಾಗೇ ಅನಿಸುತ್ತದೆ.

ಆಮೇಲೆ ತೆರೆಯಿರಿ. ಉಚ್ಚಾರದ ಗುರುತು ನೋಡಿ. ಕೊನೆಯಲ್ಲಿ ಜಿಹೆಚ್ ಬರೆದಿದ್ದರೂ ಧ್ವನಿ /f/ ಅಂತ ಕಾಣುತ್ತದೆ. ಪಕ್ಕದ ಅಕ್ಷರ [C], ಅಂದರೆ ಎಣಿಸಬಹುದು. ಹಾಗಾದರೆ ಮುಂದೆ "ಎ" ಬೇಕು. ಉದಾಹರಣೆಗಳಲ್ಲಿ "ಎ ಡ್ರೈ ಕಾಫ್", "ಎ ಬ್ಯಾಡ್ ಕಾಫ್", ಇಂಥವು ಸಿಗುತ್ತವೆ. ಕ್ರಿಯಾಪದ ಯಾವುದು ಬಂದಿದೆ? ಹ್ಯಾವ್. ನಮ್ಮಲ್ಲಿ ಕೆಮ್ಮು "ಬರುತ್ತದೆ", ಹಾಗಾಗಿ ನೀವು "ಕಾಫ್ ಈಸ್ ಕಮಿಂಗ್" ಅಂತ ಬರೆದಿರಬಹುದು. ಅವರಲ್ಲಿ ಮನುಷ್ಯನಿಗೆ ಕೆಮ್ಮು "ಇರುತ್ತದೆ". ಈಗ ನಿಮ್ಮ ವಾಕ್ಯವನ್ನು ನೀವೇ ತಿದ್ದಿ: "ಹಿ ಹ್ಯಾಸ್ ಹ್ಯಾಡ್ ಎ ಡ್ರೈ ಕಾಫ್ ಫಾರ್ ಟು ವೀಕ್ಸ್". ತಪ್ಪು ವಾಕ್ಯವನ್ನು ಅಳಿಸಬೇಡಿ. ಅದರ ಕೆಳಗೇ ಸರಿಯಾದದ್ದು ಇರಲಿ. ಮೂರು ದಿನ ಬಿಟ್ಟು ಟೆಕ್ಕಿಯವರ ಕಾರ್ಡಿನ ಹಾಗೆ ಜೊತೆಗಾರ ಪದ ಮುಚ್ಚಿಕೊಂಡು ಮತ್ತೆ ಹೇಳಿ.

ಸಾಮಾನ್ಯ ಭಾಷೆಯ ನಿಘಂಟು ಆಸ್ಪತ್ರೆಯ ಒಳಮಾತನ್ನೆಲ್ಲ ಕೊಡುವುದಿಲ್ಲ. ಅದಕ್ಕೆ ಡಬ್ಲಿನ್‌ನವರು ಏನು ಮಾಡುತ್ತಿದ್ದರು ಅಂತ ಹೇಳಲಿ.

ಡಬ್ಲಿನ್_ಕನ್ನಡತಿ

ನಾನು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಜಾಲತಾಣದಲ್ಲಿ ರೋಗಿಗಳಿಗಾಗಿ ಬರೆದ ಪುಟಗಳನ್ನು ಓದುತ್ತಿದ್ದೆ. ಕಾಯಿಲೆಗಳ ಹೆಸರು ಅಕ್ಷರಮಾಲೆ ಪ್ರಕಾರ ಇವೆ. ಆಸ್ತಮಾ ಪುಟ ಓದುವಾಗ ಪೆನ್ಸಿಲ್ ಹಿಡಿದು ಜೋಡಿ ಪದಗಳನ್ನಷ್ಟೇ ಬರೆದುಕೊಳ್ಳುತ್ತಿದ್ದೆ. ಅನುಮಾನ ಬಂದದ್ದನ್ನು ನಿಘಂಟಿನಲ್ಲಿ ನೋಡುತ್ತಿದ್ದೆ.

ನರ್ಸ್_ಚಿತ್ರದುರ್ಗ

ಮೂರು ವಾರ ಆದ ಮೇಲೆ ಮತ್ತೆ ಬರೆಯುತ್ತಿದ್ದೇನೆ. 19 ಪದ ಆಗಿದೆ. ನಿನ್ನೆಯ ಪತ್ರದಲ್ಲಿ ಎರಡು ಕೆಂಪು ಗುರುತು, ಒಂದು ಅಲ್ಪವಿರಾಮದ್ದು. ಇನ್ನೊಂದು "ಗಿಡ್ಡಿನೆಸ್". ನಮ್ಮ ವಾರ್ಡಿನಲ್ಲಿ ತಲೆಸುತ್ತಿಗೆ ಎಲ್ಲರೂ ಹೇಳೋದು ಅದನ್ನೇ. ತಿದ್ದಿದವರು "ಡಿಝಿನೆಸ್" ಅಂತ ಬದಲಾಯಿಸಿದ್ದಾರೆ. ನಿಘಂಟಿನಲ್ಲಿ ಎರಡೂ ಇದೆ, ಅರ್ಥವೂ ಹತ್ತಿರ ಹತ್ತಿರ. ಯಾವುದು ಅಂತ ಹೇಗೆ ತೀರ್ಮಾನ ಮಾಡೋದು?

ಇನ್ನೊಂದು ಇದಕ್ಕಿಂತ ಕಷ್ಟ. ರೋಗಿ ಬಂದು "ಸುಸ್ತು" ಅನ್ನುತ್ತಾರೆ. ಅದಕ್ಕೆ ಯಾವ ನಾಮಪದದ ಮನೆಗೆ ಹೋಗಲಿ? ವೀಕ್‌ನೆಸ್ ಬರೆಯುತ್ತಿದ್ದೆ. ಈಗ ಅನುಮಾನ ಬಂದಿದೆ.

ಡಬ್ಲಿನ್_ಕನ್ನಡತಿ

ಗಿಡ್ಡಿ ತಪ್ಪಲ್ಲ. ಆದರೆ ನಾನು ಇಲ್ಲಿ ಕೇಳೋದು ಹೆಚ್ಚಾಗಿ ಡಿಝಿ. ಬರೆಯುವಾಗ "ಫೀಲ್ ಡಿಝಿ" ಅಂತ ಕ್ರಿಯಾಪದದ ಜೊತೆ ಹಾಕಿದರೆ ಇನ್ನೂ ಸಹಜ. ಲಾಂಗ್‌ಮನ್‌ನಲ್ಲಿ ಹೆಚ್ಚು ಬಳಕೆಯ ಪದಗಳಿಗೆ S1, W1 ಥರದ ಗುರುತು ಇರುತ್ತದೆ, ಮಾತಿನಲ್ಲಿ ಎಷ್ಟು, ಬರಹದಲ್ಲಿ ಎಷ್ಟು ಅಂತ. ಎಲ್ಲ ಪದಕ್ಕೂ ಇರುವುದಿಲ್ಲ. ಇಲ್ಲದಿದ್ದಾಗ ನಾನು ಎನ್‌ಎಚ್‌ಎಸ್ ಪುಟದವರು ಯಾವ ಪದ ಬಳಸಿದ್ದಾರೆ ಅಂತ ನೋಡುತ್ತೇನೆ.

ಸುಸ್ತಿಗೆ ಉತ್ತರ ನಿಘಂಟಿನಲ್ಲಿ ಇಲ್ಲ, ರೋಗಿಯ ಹತ್ತಿರ ಇದೆ. ಕೈಕಾಲು ಎತ್ತಲು ಬಲ ಇಲ್ಲವಾದರೆ ವೀಕ್‌ನೆಸ್. ಅದನ್ನು ಓದಿದ ಡಾಕ್ಟರ್ ಇಲ್ಲಿ ಯಾವ ಕೈ, ಯಾವ ಕಾಲು ಅಂತ ಕೇಳುತ್ತಾರೆ. ಬಲ ಇದೆ, ಆದರೆ ದಣಿವು ಹೋಗುತ್ತಿಲ್ಲ ಅಂದರೆ ಟೈರ್ಡ್‌ನೆಸ್, ಪತ್ರದಲ್ಲಿ ಫಟೀಗ್. ಮೊದಲು ಅವರನ್ನೇ ಇನ್ನೊಂದು ಪ್ರಶ್ನೆ ಕೇಳಿ, ಆಮೇಲೆ ನಿಘಂಟು ತೆರೆಯಿರಿ.

ಹಳೇಮೇಷ್ಟ್ರು_ಶಿವಮೊಗ್ಗ

ಫಟೀಗ್ ಹುಡುಕುವಾಗ ಒತ್ತಿನ ಗೆರೆ ಎಲ್ಲಿದೆ ಅಂತ ನೋಡಿ. ಪದದ ಶುರುವಿನಲ್ಲಿ ಇರುವುದಿಲ್ಲ.

ಬೆಳಗಾವಿ_ಅಮ್ಮ

ಮಗ ನಿನ್ನೆ "ಯೆಲ್ಲೋ" ಅಂತ ಸರಿಯಾಗಿ ಹೇಳಿದ. ಆಮೇಲೆ "ಎಗ್" ಅಂತ ಓದುವಾಗ ನಾನು "ಯೆಗ್" ಅಂದದ್ದನ್ನು ಅವನೇ ತಿದ್ದಿದ.